ಚವತಿ ಬಟ್ಟೆ ಯಾವತ್ತಿಗೆ ಸಿಗಬಹುದು ಅಕ್ಕಾ?

ನಮಸ್ಕಾರ ಅಕ್ಕಾ. ಶಿರಸಿ ಯಲ್ಲಾಪುರ ನಾಕಾದ ಹತ್ತಿರದವಳು, ಬಿಲ್ ನಂಬರ್ 214. ಆಗಸ್ಟ್ 22ಕ್ಕೆ ಹೊಲಿಯಲು ಕೊಟ್ಟಿದ್ದೆ, ಬಿಲ್ಲಿನಲ್ಲಿ ಸೆಪ್ಟೆಂಬರ್ 8 ಅಂತ ಬರೆದಿದ್ದೀರಿ. ಹಬ್ಬದ ಗಡಿಬಿಡಿಯಲ್ಲಿ ನಿಮಗೆ ಕೆಲಸ ಎಷ್ಟಿರುತ್ತದೆ ಅಂತ ಗೊತ್ತು, ಅದಕ್ಕೇ ಫೋನ್ ಮಾಡದೆ ಮೆಸೇಜ್ ಹಾಕಿದೆ.

ಕೊಟ್ಟದ್ದು ಇಷ್ಟು: ಹಸಿರು ರೇಷ್ಮೆ ಸೀರೆಯ ಬ್ಲೌಸ್, ಮಗಳ ಮಾವಿನ ಬಣ್ಣದ ಲಂಗ-ಬ್ಲೌಸ್, ಮನೆಯವರ ಬಿಳಿ ಜುಬ್ಬಾ. ಸೀರೆಗೆ ಫಾಲ್, ಪಿಕೊ ಕೂಡ. ಅಡ್ವಾನ್ಸ್ 500 ಕೊಟ್ಟಾಗಿದೆ.

ನನ್ನ ಬ್ಲೌಸಿಗೆ ಅಳತೆಯ ಹಳೇ ಬ್ಲೌಸ್ ಕೊಟ್ಟಿದ್ದೆ. ತೋಳು ಮಾತ್ರ ಅದಕ್ಕಿಂತ ಒಂದು ಇಂಚು ಉದ್ದ, ಹುಕ್ ಮುಂದೆ. ಹತ್ತಿ ಲೈನಿಂಗನ್ನು ನೀರಲ್ಲಿ ನೆನೆಸಿ, ಒಣಗಿಸಿಯೇ ಕತ್ತರಿಸಬೇಕು ಅಂದಿದ್ದೆವು. ಇಲ್ಲದಿದ್ದರೆ ಮೊದಲ ತೊಳೆತಕ್ಕೇ ಲೈನಿಂಗ್ ಕುಗ್ಗಿ ರೇಷ್ಮೆ ಸುಕ್ಕಾಗುತ್ತದೆ. ಈ ಮಳೆಗೆ ಅದು ಒಣಗದೆ ತಡವಾಗಿದ್ದರೆ ಅರ್ಥವಾಗುತ್ತದೆ, ದಯವಿಟ್ಟು ಆ ಕೆಲಸ ಬಿಡಬೇಡಿ. ಮಗಳು ಬೆಳೆಯುವವಳು, ಲಂಗದ ಅಂಚಿನಲ್ಲಿ ಮೂರು ಇಂಚು ಒಳಮಡಿಕೆ, ಬ್ಲೌಸಿನ ಎರಡೂ ಪಕ್ಕ ಒಂದೊಂದು ಇಂಚು ಒಳಬಟ್ಟೆ ಇರಲಿ.

ಭಾನುವಾರ ಗೌರಿ, ಸೋಮವಾರ ಚವತಿ. ಶನಿವಾರ ಮಧ್ಯಾಹ್ನ ಊರಿಗೆ ಹೊರಡುತ್ತೇವೆ. ಶುಕ್ರವಾರ ಸಂಜೆ ಐದಕ್ಕೆ ಬಂದರೆ ಹಾಕಿ ನೋಡಬಹುದಾ? ತೋಳು, ಕಂಕುಳಲ್ಲಿ ಬಿಗಿ ಬಂದರೆ ಬಿಚ್ಚಿ ಸಡಿಲ ಮಾಡಲು ನಿಮಗೂ ಒಂದು ರಾತ್ರಿ ಸಿಗುತ್ತದೆ. ಎಲ್ಲ ಆಗುವುದು ಕಷ್ಟವಾದರೆ ಬ್ಲೌಸ್, ಲಂಗ ಮೊದಲು ಮುಗಿಸಿ. ಜುಬ್ಬಾ ಹಬ್ಬ ಕಳೆದ ಮೇಲೆ ಕೊಟ್ಟರೂ ನಡೆಯುತ್ತದೆ. ಬಾಕಿ ದುಡ್ಡು ಎಷ್ಟು ಅಂತ ತಿಳಿಸಿ, ಬರುವಾಗ ತರುತ್ತೇನೆ. ಅಳತೆ ಬ್ಲೌಸನ್ನೂ ಅದೇ ಚೀಲದಲ್ಲಿ ಹಾಕಿಡಿ ಅಕ್ಕಾ.