ಜೂನ್ 24ರ ಫಂಕ್ಷನಲ್ ಅನಾಲಿಸಿಸ್ ಪರೀಕ್ಷೆಗೆ ಗೈರು: ಕಾರಣ ಮತ್ತು ಪೂರಕ ಪರೀಕ್ಷೆಗೆ ಮನವಿ

8 ಜುಲೈ 2025
ತೀರ್ಥಹಳ್ಳಿ

ಮೇಡಂ, ನಮಸ್ಕಾರ.

ನಾನು ಚೇತನ್, ಎಂ.ಎಸ್ಸಿ. ಗಣಿತ, ನಾಲ್ಕನೇ ಸೆಮಿಸ್ಟರ್. ಜೂನ್ 24ರ ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಇದ್ದ ಫಂಕ್ಷನಲ್ ಅನಾಲಿಸಿಸ್ ಪರೀಕ್ಷೆಗೆ ನಾನು ಬರಲಿಲ್ಲ. ಹಿಂದಿನ ದಿನ ಸಂಜೆ ಅಪ್ಪನಿಗೆ ಹಾವು ಕಚ್ಚಿತ್ತು. ಪರೀಕ್ಷೆ ಶುರುವಾಗುವ ಹೊತ್ತಿಗೆ ನಾನು ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯಲ್ಲಿದ್ದೆ. ಈ ಒಂದು ಪೇಪರ್ ಬರೆಯಲು ಪೂರಕ ಪರೀಕ್ಷೆಯ ಅವಕಾಶ ಕೊಡಿಸಿ ಎಂದು ಕೇಳಲು ಈ ಪತ್ರ. ದಯವಿಟ್ಟು ಇದನ್ನು ನಿಮ್ಮ ಶಿಫಾರಸಿನ ಜೊತೆ ಮೌಲ್ಯಮಾಪನ ಕುಲಸಚಿವರಿಗೆ ಕಳಿಸಿಕೊಡಬೇಕು. ಅವರಿಗೆ ಬೇರೆ ಅರ್ಜಿ ನಮೂನೆ ಇದ್ದರೆ ಅದನ್ನೂ ತುಂಬಿ ಕೊಡುತ್ತೇನೆ, ಆದರೆ ನಮೂನೆಯಲ್ಲಿ ಕಾರಣ ಬರೆಯಲು ಎರಡೇ ಸಾಲಿನ ಜಾಗ ಇರುತ್ತದೆ, ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೂರನೇ ಪೇಪರ್‌ಗೂ ನಾಲ್ಕನೇ ಪೇಪರ್‌ಗೂ ನಡುವೆ ಬಿಡುವಿತ್ತಲ್ವಾ, ಆಗ ಊರಿಗೆ ಬಂದಿದ್ದೆ. ಪರೀಕ್ಷೆ ನಡುವೆ ಊರಿಗೆ ಯಾಕೆ ಹೋದೆ ಅಂತ ಯಾರಾದರೂ ಕೇಳಬಹುದು. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಒಂದಿಷ್ಟು ಅಡಿಕೆ ತೋಟ ಮತ್ತು ಗದ್ದೆ. ಜೂನ್‌ನಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ಇರುತ್ತದೆ, ಮೈಲುತುತ್ತ ಸುಣ್ಣ ಕಲೆಸಿಕೊಡಲು, ಪೈಪ್ ಎಳೆಯಲು ಜನ ಬೇಕು. ಕೊನೆಗೌಡರು ಸಿಕ್ಕ ದಿನ ಔಷಧಿ ಹೊಡೆಸಿಬಿಡಬೇಕು, ಮಳೆ ನಮಗೋಸ್ಕರ ಕಾಯುವುದಿಲ್ಲ. ಹಗಲು ಅದು, ರಾತ್ರಿ ಓದು. ವಾಪಸ್ ಬರಲು ಸೋಮವಾರ ರಾತ್ರಿಯ ತಾಳಗುಪ್ಪ–ಮೈಸೂರು ರೈಲಿಗೆ ಶಿವಮೊಗ್ಗ ಟೌನ್‌ನಿಂದ ಟಿಕೆಟ್ ಮಾಡಿಸಿದ್ದೆ. ಟಿಕೆಟ್ ಪ್ರತಿ ಲಗತ್ತಿಸಿದ್ದೇನೆ. ಅದನ್ನು ರದ್ದು ಕೂಡ ಮಾಡಿಲ್ಲ, ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸೋಮವಾರ ಸಂಜೆ ಐದೂವರೆ ಸುಮಾರಿಗೆ ಅಪ್ಪ ತೋಟದ ಅಂಚಿನಲ್ಲಿ ದರಗಿನ ರಾಶಿ ಪಕ್ಕ ಕಾಲಿಟ್ಟಾಗ ಕೊಳಕುಮಂಡಲ ಕಚ್ಚಿತು. ಹಾವನ್ನು ಅವರೇ ನೋಡಿದ್ದಾರೆ, ನಮ್ಮ ಕಡೆಯವರಿಗೆ ಅದರ ಗುರುತು ಚೆನ್ನಾಗಿ ಇದೆ. ನಾನು ಮನೆಯಲ್ಲಿ ಬ್ಯಾಗ್ ತುಂಬುತ್ತಿದ್ದೆ. ಪಕ್ಕದ ಮನೆಯವರ ಜೀಪಿನಲ್ಲಿ ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಟಿ ಔಷಧಿ ಕೊಡಿಸೋಣ ಅಂತ ಒಬ್ಬಿಬ್ಬರು ಹೇಳಿದರು, ನಾನು ಕೇಳಲಿಲ್ಲ.

ಅಲ್ಲಿ ಡಾಕ್ಟರ್ ಮೊದಲು ಮಾಡಿದ್ದು ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂಬ ಪರೀಕ್ಷೆ. ಒಂದು ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಆಮೇಲೆ ಓರೆ ಮಾಡಿ ನೋಡುತ್ತಾರೆ. ಅಪ್ಪನ ರಕ್ತ ನೀರಿನ ಹಾಗೆ ಹರಿಯಿತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದಂತೆ, ಜೊತೆಗೆ ಕಿಡ್ನಿಗೂ ಹೊಡೆತ ಕೊಡುತ್ತದಂತೆ. ತಕ್ಷಣ 10 ವಯಲ್ ಆಂಟಿವೆನಮ್ ಡ್ರಿಪ್‌ನಲ್ಲಿ ಹಾಕಿದರು. ಅದಾದ ಮೇಲೆ 6 ಗಂಟೆ ಕಾದು ಮತ್ತೆ ಅದೇ ಪರೀಕ್ಷೆ ಮಾಡಬೇಕು, ಆಗಲೂ ಹೆಪ್ಪುಗಟ್ಟದಿದ್ದರೆ ಮತ್ತೆ ಔಷಧಿ. ಅಂದರೆ ಆ ರಾತ್ರಿ ನನ್ನ ರೈಲು ಶಿವಮೊಗ್ಗ ಬಿಡುವ ಹೊತ್ತಿಗೆ ನಮಗೆ ಅಪ್ಪ ಉಳಿಯುತ್ತಾರಾ ಇಲ್ಲವಾ ಅನ್ನುವುದೇ ಗೊತ್ತಿರಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಎರಡನೇ ಪರೀಕ್ಷೆ ಮಾಡಿದರು. ಆಗಲೂ ಹೆಪ್ಪುಗಟ್ಟಲಿಲ್ಲ. ಒಸಡಿನಿಂದ ರಕ್ತ ಬರುತ್ತಿತ್ತು, ಮೂತ್ರ ಕಡಿಮೆಯಾಗಿತ್ತು. ಮತ್ತೆ 10 ವಯಲ್ ಶುರು ಮಾಡಿ 108ರಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಆಂಬುಲೆನ್ಸ್‌ನಲ್ಲಿ ಅಪ್ಪನ ಜೊತೆ ಕೂತಿದ್ದು ನಾನು.

ಬೇರೆ ಯಾರೂ ಇರಲಿಲ್ಲವಾ ಅನ್ನುವುದು ಎರಡನೇ ಪ್ರಶ್ನೆ. ಅಮ್ಮ ಇದ್ದರು. ಆದರೆ ಅವರು ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರೇ ಯಾವತ್ತೂ ಓಡಾಡಿದವರಲ್ಲ, ಲ್ಯಾಬಿಗೆ ಸ್ಯಾಂಪಲ್ ಒಯ್ಯುವುದು, ರಕ್ತನಿಧಿಗೆ ಹೋಗಿ ಪ್ಲಾಸ್ಮಾ ತರುವುದು, ಡಯಾಲಿಸಿಸ್‌ಗೆ ಒಪ್ಪಿಗೆ ಕೇಳಿದಾಗ ಡಾಕ್ಟರ್ ಹೇಳಿದ್ದನ್ನು ಅರ್ಥ ಮಾಡಿಕೊಂಡು ಸಹಿ ಹಾಕುವುದು ಇದೆಲ್ಲ ಅವರೊಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ತಂಗಿ ಪಿಯುಸಿ ಓದುತ್ತಿದ್ದಾಳೆ, ಮನೆ ಮತ್ತು ದನ ನೋಡಿಕೊಳ್ಳಲು ಅವಳು ಊರಲ್ಲೇ ಉಳಿದಳು. ಚಿಕ್ಕಪ್ಪ ಬೆಂಗಳೂರಿನಿಂದ ಬರುವಾಗ ಮಂಗಳವಾರ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು.

ಆವತ್ತು ಬೆಳಿಗ್ಗೆಯೇ ನಿಮ್ಮ ಮೊಬೈಲ್‌ಗೆ ಮೆಸೇಜ್ ಹಾಕಿದ್ದೆ, ಕಾಲೇಜು ಕಚೇರಿ ತೆರೆದ ಕೂಡಲೇ ಅಲ್ಲಿಗೂ ಫೋನ್ ಮಾಡಿ ಹೇಳಿದ್ದೆ. ಕ್ಲಾಸ್‌ಮೇಟ್ ಒಬ್ಬ ಪರೀಕ್ಷೆಗೆ ಮೊದಲು ಕೊಠಡಿ ಮೇಲ್ವಿಚಾರಕರಿಗೂ ತಿಳಿಸಿದ್ದಾನೆ. ಪತ್ರ ಮಾತ್ರ ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಡಿಸ್ಚಾರ್ಜ್ ಸಮ್ಮರಿ ಕೈಗೆ ಸಿಕ್ಕಿದ್ದು ಜುಲೈ 5ರಂದು. ದಾಖಲೆ ಇಲ್ಲದೆ ಸುಮ್ನೆ ಬರೆದರೆ ಯಾರು ನಂಬುತ್ತಾರೆ?

ಅಪ್ಪನಿಗೆ ಒಟ್ಟು ಮೂರು ಸಲ ಡಯಾಲಿಸಿಸ್ ಆಯಿತು. ಈಗ ಮನೆಯಲ್ಲಿದ್ದಾರೆ, ಕ್ರಿಯಾಟಿನಿನ್ ಇಳಿಯುತ್ತಿದೆ, ಕಾಲಿನ ಊತ ಇನ್ನೂ ಇದೆ. ಈ ಶುಕ್ರವಾರದಿಂದ ಮುಂದಿನ ಬುಧವಾರದ ಒಳಗೆ ಒಂದು ದಿನ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು.

ಜೂನ್ 28ರ ಐದನೇ ಪೇಪರ್ ನಾನು ಬರೆದಿದ್ದೇನೆ ಮೇಡಂ. ಅಷ್ಟು ಹೊತ್ತಿಗೆ ಚಿಕ್ಕಪ್ಪ ಆಸ್ಪತ್ರೆಯಲ್ಲಿ ನಿಂತಿದ್ದರು, ನಾನು ಹಿಂದಿನ ರಾತ್ರಿ ಬಂದು ಬರೆದು ಆ ಸಂಜೆಯೇ ವಾಪಸ್ ಹೋದೆ. ಹೇಗೆ ಬರೆದೆ ಅನ್ನುವುದು ಬೇರೆ ವಿಷಯ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬರಲು ಸಾಧ್ಯವಿದ್ದ ಮೊದಲ ಪರೀಕ್ಷೆಗೇ ನಾನು ಬಂದಿದ್ದೇನೆ. ತಯಾರಿ ಆಗಿಲ್ಲ ಅಂತ ತಪ್ಪಿಸಿಕೊಂಡಿದ್ದರೆ ಫಂಕ್ಷನಲ್ ಅನಾಲಿಸಿಸ್ ಅನ್ನೇ ತಪ್ಪಿಸಿಕೊಳ್ಳುವ ಅಗತ್ಯ ನನಗಿರಲಿಲ್ಲ, ನನ್ನ ಸೆಮಿನಾರ್ ಇದ್ದದ್ದೇ ಹಾನ್–ಬನಾಖ್ ಪ್ರಮೇಯದ ಮೇಲೆ, ಆಂತರಿಕ ಮೌಲ್ಯಮಾಪನದಲ್ಲಿ 30ಕ್ಕೆ 26 ಇದೆ. ಅಂಕ ಕೊಟ್ಟಿದ್ದು ನೀವೇ.

ಕಳೆದ ವಾರ ಪರೀಕ್ಷಾ ವಿಭಾಗಕ್ಕೆ ಫೋನ್ ಮಾಡಿ ವಿಚಾರಿಸಿದಾಗ ವಿದ್ಯಾರ್ಥಿಗೇ ಹುಷಾರಿಲ್ಲದಿದ್ದರೆ ಮೆಡಿಕಲ್ ಸರ್ಟಿಫಿಕೇಟ್ ನೋಡುತ್ತೇವೆ, ಮನೆಯವರ ಅನಾರೋಗ್ಯಕ್ಕೆ ಆ ಪದ್ಧತಿ ಇಲ್ಲ, ಮುಂದಿನ ವರ್ಷ ರಿಪೀಟರ್ ಆಗಿ ಬರೆಯಿರಿ ಎಂದರು. ಅವರು ತಮಗೆ ಗೊತ್ತಿದ್ದನ್ನು ಹೇಳಿದ್ದಾರೆ, ನನಗೆ ಅವರ ಮೇಲೆ ಬೇಸರವಿಲ್ಲ. ಆದರೆ ಮೆಡಿಕಲ್ ಸರ್ಟಿಫಿಕೇಟ್ ಕೇಳುವುದು ಯಾತಕ್ಕೆ? ವಿದ್ಯಾರ್ಥಿ ಬೇಕೆಂದೇ ಗೈರಾಗಲಿಲ್ಲ, ಬರಲು ಆಗಲೇ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ನನಗೆ ಜ್ವರ ಬಂದಿದ್ದರೆ ಮಾತ್ರೆ ನುಂಗಿಕೊಂಡಾದರೂ ಬಂದು ಮೂರು ಗಂಟೆ ಕೂರುತ್ತಿದ್ದೆ. ಅಪ್ಪನ ರಕ್ತ ಹೆಪ್ಪುಗಟ್ಟದೆ ಇದ್ದಾಗ ಬರಲು ಆಗುತ್ತಿರಲಿಲ್ಲ. ಹಾಗಾಗಿ ಇದನ್ನು ಗುಮಾಸ್ತರ ಮಟ್ಟದಲ್ಲೇ ಮುಗಿಸದೆ ಕುಲಸಚಿವರ ಮುಂದೆ, ಬೇಕಾದರೆ ಪರೀಕ್ಷಾ ಸಮಿತಿಯ ಮುಂದೆ ಇಡಬೇಕು ಎಂದು ಕೇಳುತ್ತಿದ್ದೇನೆ.

ನಿಜವೋ ಸುಳ್ಳೋ ಅಂತ ನೋಡುವುದೂ ಕಷ್ಟವಲ್ಲ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ, ಆಸ್ಪತ್ರೆಗಳು ಪ್ರತಿಯೊಂದನ್ನೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ಹಾಗಾಗಿ ನಾನು ಕೊಟ್ಟ ಕಾಗದ ಬಿಟ್ಟು ಬೇರೆ ಕಡೆಯಿಂದಲೂ ವಿಶ್ವವಿದ್ಯಾಲಯ ಖಚಿತಪಡಿಸಿಕೊಳ್ಳಬಹುದು. ನಮ್ಮ ಕಡೆಯಿಂದ ಒಪ್ಪಿಗೆ ಪತ್ರ ಬೇಕಾದರೆ ಅಪ್ಪ ಸಹಿ ಮಾಡಿ ಕೊಡುತ್ತಾರೆ.

ಮುಂದಿನ ವರ್ಷ ಬರೆದರೆ ಆಗುವುದಿಲ್ಲವಾ ಅಂತ ಕೇಳಿದರೆ, ಒಂದು ಪೇಪರ್‌ಗಾಗಿ ಪೂರ್ತಿ ಒಂದು ವರ್ಷ ಹೋಗುತ್ತದೆ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮತ್ತೆ ಬರುವುದು 2026ರ ಜೂನ್‌ಗೆ. ಶಿವಮೊಗ್ಗದ ಒಂದು ಪಿಯು ಕಾಲೇಜಿನವರು ಗಣಿತ ಪಾಠಕ್ಕೆ ಕರೆದಿದ್ದಾರೆ, ಎಂ.ಎಸ್ಸಿ. ಮುಗಿದದ್ದಕ್ಕೆ ಪ್ರಮಾಣಪತ್ರ ತಂದರೆ ಸೆಪ್ಟೆಂಬರ್‌ನಿಂದ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಅಪ್ಪ ಈ ವರ್ಷ ತೋಟಕ್ಕಿಳಿಯುವ ಹಾಗಿಲ್ಲ. ಆಳಿನ ಸಂಬಳ, ಔಷಧಿ, ತಂಗಿಯ ಫೀಸು ಎಲ್ಲಕ್ಕೂ ಆ ಕೆಲಸ ಬೇಕು. ಅಂಕಪಟ್ಟಿಯಲ್ಲಿ ಗೈರು ಅಂತ ಬಂದು ಆಮೇಲೆ ರಿಪೀಟರ್ ಆಗಿ ಪಾಸಾದರೆ ಪ್ರತಿ ಸಂದರ್ಶನದಲ್ಲೂ ಇದನ್ನೇ ವಿವರಿಸುತ್ತಾ ಕೂರಬೇಕಾಗುತ್ತದೆ.

ನಾನು ಕೇಳುತ್ತಿರುವುದು ಇಷ್ಟು. ಆಗಸ್ಟ್ ಒಳಗೆ ಈ ಪೇಪರ್‌ಗೆ ಪೂರಕ ಪರೀಕ್ಷೆ ಬರೆಯಲು ಅವಕಾಶ ಬೇಕು. ಅದನ್ನು ಎರಡನೇ ಪ್ರಯತ್ನ ಅಂತ ಲೆಕ್ಕ ಹಾಕಬಾರದು. ಕೃಪಾಂಕ ಬೇಡ, ಆಂತರಿಕ ಅಂಕವನ್ನು ಹಿಗ್ಗಿಸಿ 100ಕ್ಕೆ ಮಾಡಿಕೊಡುವುದೂ ಬೇಡ, 70 ಅಂಕದ ಪೇಪರನ್ನು ಎಲ್ಲರ ಹಾಗೆ ಕೂತು ಬರೆಯುತ್ತೇನೆ. ಪರೀಕ್ಷಾ ಶುಲ್ಕ ಮತ್ತೆ ಕಟ್ಟಬೇಕಿದ್ದರೆ ಕಟ್ಟುತ್ತೇನೆ. ಒಬ್ಬನಿಗೋಸ್ಕರ ಪ್ರಶ್ನೆಪತ್ರಿಕೆ ಹೇಗೆ ಮಾಡಿಸುವುದು ಅನ್ನಬಹುದು, ಆದರೆ ಪ್ರತಿ ಪೇಪರ್‌ಗೂ ಒಂದಕ್ಕಿಂತ ಹೆಚ್ಚು ಸೆಟ್ ತಯಾರಿಸಿ ಇಟ್ಟಿರುತ್ತಾರೆ ಅಂತ ನೀವೇ ಒಮ್ಮೆ ಕ್ಲಾಸ್‌ನಲ್ಲಿ ಹೇಳಿದ ನೆನಪು. ಬೇರೆ ವಿಭಾಗಗಳಲ್ಲೂ ಇಂಥ ಕಾರಣಕ್ಕೆ ಗೈರಾದವರು ಇದ್ದರೆ ಎಲ್ಲರಿಗೂ ಒಂದೇ ದಿನ ಇಟ್ಟರೂ ನನಗೆ ತೊಂದರೆಯಿಲ್ಲ. ಆಗಸ್ಟ್‌ನಲ್ಲಿ ಖಂಡಿತಾ ಆಗುವುದಿಲ್ಲ ಅಂದರೆ ಡಿಸೆಂಬರ್‌ನ ಪರೀಕ್ಷೆಗಳ ಜೊತೆಗಾದರೂ ಬರೆಯಲು ಬಿಡಲಿ. ಜೂನ್‌ವರೆಗೆ ಕಾಯುವುದಕ್ಕಿಂತ ಅದು ಎಷ್ಟೋ ವಾಸಿ. ದಿನಾಂಕ ಒಂದು ವಾರ ಮೊದಲು ತಿಳಿಸಿದರೆ ಸಾಕು, ಬರುತ್ತೇನೆ.

ಲಗತ್ತುಗಳಲ್ಲಿ ತೀರ್ಥಹಳ್ಳಿ ಆಸ್ಪತ್ರೆಯ ದಾಖಲಾತಿ ಚೀಟಿ ಮತ್ತು ರೆಫರಲ್ ಪತ್ರ ಇವೆ, ಎರಡರಲ್ಲೂ ಸಮಯ ನಮೂದಾಗಿದೆ, ದಯವಿಟ್ಟು ಅದನ್ನು ಗಮನಿಸಿ. ಶಿವಮೊಗ್ಗದ ಡಿಸ್ಚಾರ್ಜ್ ಸಮ್ಮರಿ, ರಕ್ತನಿಧಿಯ ರಸೀದಿ, ರೈಲು ಟಿಕೆಟ್, ನನ್ನ ಹಾಲ್ ಟಿಕೆಟ್ ಕೂಡ ಇವೆ. ರಕ್ತನಿಧಿ ರಸೀದಿಯಲ್ಲಿ ಜೂನ್ 24ರ ಬೆಳಗಿನ ಸಮಯ ಮತ್ತು ಪ್ಲಾಸ್ಮಾ ಪಡೆದವರ ಜಾಗದಲ್ಲಿ ನನ್ನ ಸಹಿ ಇದೆ. ಮೂಲ ಪ್ರತಿಗಳು ನನ್ನ ಹತ್ತಿರ ಇವೆ, ಯಾವಾಗ ಕೇಳಿದರೂ ತಂದು ತೋರಿಸುತ್ತೇನೆ.

ಮುಂದಿನ ಸೋಮವಾರ, ಅಂದರೆ ಜುಲೈ 14ರಂದು ಮೈಸೂರಿಗೆ ಬರುತ್ತಿದ್ದೇನೆ. ಆವತ್ತು ನಿಮ್ಮನ್ನು ಭೇಟಿ ಮಾಡಬಹುದಾ, ಎಷ್ಟು ಹೊತ್ತಿಗೆ ಬರಲಿ ಅಂತ ಒಂದು ಮೆಸೇಜ್ ಹಾಕಿ ಮೇಡಂ. ಅಷ್ಟರೊಳಗೆ ಪತ್ರ ಪರೀಕ್ಷಾ ವಿಭಾಗಕ್ಕೆ ಹೋಗಿದ್ದರೆ ಅಲ್ಲಿಂದ ಸ್ವೀಕೃತಿ ನಾನೇ ಪಡೆದುಕೊಳ್ಳುತ್ತೇನೆ.

ಇಂತಿ ನಿಮ್ಮ ವಿದ್ಯಾರ್ಥಿ,
ಚೇತನ್
ಎಂ.ಎಸ್ಸಿ. ಗಣಿತ, 4ನೇ ಸೆಮಿಸ್ಟರ್
(ನೋಂದಣಿ ಸಂಖ್ಯೆ, ಫೋನ್ ನಂಬರ್ ಲಗತ್ತಿಸಿರುವ ಹಾಲ್ ಟಿಕೆಟ್‌ನಲ್ಲಿವೆ)