ಅಧಿಕಾರ ಹಳ್ಳಿಗೆ ಬಂದರೆ ಸೇವೆ ಸುಧಾರಿಸುತ್ತದೆಯೇ? ಕೊಡಗಿನ ಒಂದು ಪಂಚಾಯಿತಿಯ ಅನುಭವ

ಕಳೆದ ಮಳೆಗಾಲದಲ್ಲಿ ನಮ್ಮೂರಿನ ರಸ್ತೆ ಪಕ್ಕ ಒಂದು ಸಿಲ್ವರ್ ಮರ ಬಿತ್ತು. ಅದರಡಿ ಕುಡಿಯುವ ನೀರಿನ ಪೈಪ್ ಒಡೆಯಿತು, ವಿದ್ಯುತ್ ಕಂಬವೂ ವಾಲಿತು. ಪೈಪ್ ಮೂರನೇ ದಿನಕ್ಕೆ ಸರಿಯಾಯಿತು. ಕಂಬ ನೆಟ್ಟಗಾಗಲು ಹದಿನೆಂಟು ದಿನ ಬೇಕಾಯಿತು. ಪೈಪ್ ಪಂಚಾಯಿತಿಯದು, ಕಂಬ ಅಲ್ಲ. ನೀರುಗಂಟಿಯ ಮನೆ ಟ್ಯಾಂಕಿನಿಂದ ಕೂಗಳತೆಯಲ್ಲಿದೆ. ನಲ್ಲಿ ಒಣಗಿದರೆ ಜನ ಅವರ ಅಂಗಳಕ್ಕೇ ಹೋಗಿ ಕೇಳುತ್ತಾರೆ. ಕಂಬದ ಬಗ್ಗೆ ಕೇಳಲು ಯಾರ ಅಂಗಳಕ್ಕೆ ಹೋಗುವುದು?

ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದು ಸೇರಿಸಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಕರ್ನಾಟಕ ಈ ದಾರಿಯಲ್ಲಿ ಇನ್ನೂ ಮೊದಲೇ ಹೊರಟಿತ್ತು. 1987ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿ 'ನೀರು ಸಾಬ್' ಎನಿಸಿಕೊಂಡವರು. ವಿಕೇಂದ್ರೀಕರಣವನ್ನು ನಮ್ಮ ಜನ ಮೊದಲು ಗುರುತಿಸಿದ್ದು ನೀರಿನಲ್ಲೇ ಅಲ್ವಾ?

ಆದರೆ ವಿಷಯ ಪಟ್ಟಿಯಲ್ಲಿದ್ದರೆ ಸಾಲದು. ಕೆಲಸ, ದುಡ್ಡು, ಕೆಲಸಗಾರ ಮೂರೂ ಒಟ್ಟಿಗೆ ಬರಬೇಕು. ಶಾಲೆ, ಆರೋಗ್ಯ ಆ ಪಟ್ಟಿಯಲ್ಲಿವೆ, ಆದರೆ ಶಿಕ್ಷಕರನ್ನೂ ನರ್ಸನ್ನೂ ನೇಮಿಸುವುದು ಪಂಚಾಯಿತಿಯಲ್ಲ. ದುಡ್ಡಿಗೂ ಕಟ್ಟು ಇದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-26ರ ಅವಧಿಗೆ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲು. ಅದರಿಂದ ನೀರಿಗೆ ಅನುಕೂಲವಾಗಿದೆ, ನಿಜ. ಆದರೆ 2018ರ ಭೂಕುಸಿತ ಕಂಡ ಜಿಲ್ಲೆಯಲ್ಲಿ ಮನೆ ಹಿಂದಿನ ಗುಡ್ಡದ ಬರೆಗೆ ತಡೆಗೋಡೆಯೇ ಮೊದಲು ಬೇಕೆಂದು ಊರಿನವರಿಗೆ ಅನ್ನಿಸಿದರೆ ಕೈಯಲ್ಲಿ ಉಳಿಯುವ ಹಣ ಕಡಿಮೆ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಗ್ರಾಮಸಭೆ. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ನಾನು ಹೋದ ಸಭೆ ಜನವರಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಅದು ಕಾಫಿ ಕೊಯ್ಲಿನ ಕಾಲ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ಬಂದರೆ ಆ ದಿನದ ಕೂಲಿ ಹೋಯಿತು. ಮುಂದಿನ ಸಾಲಿನಲ್ಲಿ ತೋಟದ ಮಾಲೀಕರು ಕೂತಿದ್ದರು, ಅವರ ರಸ್ತೆಯ ಮಾತು ಮುಕ್ಕಾಲು ಗಂಟೆ ನಡೆಯಿತು. ಹಾಡಿಯಿಂದ ಬಂದಿದ್ದ ಒಬ್ಬ ಅಜ್ಜಿ ಶೌಚಾಲಯದ ಬಿಲ್ ಕೇಳಲು ಎರಡು ಸಲ ಎದ್ದು ನಿಂತರು. ಮೂರನೇ ಸಲ ವಾರ್ಡ್ ಸದಸ್ಯೆಯೇ ಎದ್ದು, "ಇವರ ಮಾತು ಕೇಳಿ, ಆಮೇಲೆ ರಸ್ತೆ" ಎಂದರು. ಪಿಡಿಒ ಬರೆದುಕೊಂಡರು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿಟ್ಟಿದ್ದು ಸುಮ್ನೆ ಅಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ.

ಹಾಗಾಗಿ ನನ್ನ ಉತ್ತರ: ಹೌದು, ಸುಧಾರಿಸುತ್ತದೆ, ಆದರೆ ಕೇಳುವವರಿಗೆ ಮಾತ್ರ. ಕೇಳಲು ಬರಲಾಗದವರ ಮನೆಗೆ ಸೇವೆ ಇನ್ನೂ ತಡವಾಗಿಯೇ ಹೋಗುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ವಾರ್ಡ್ ಸಭೆಯನ್ನು ಸಂಜೆ, ಹಣ್ಣು ತೂಕ ಮಾಡಿದ ಮೇಲೆ, ಲೈನ್ ಮನೆಗಳ ಹತ್ತಿರವೇ ನಡೆಸಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.