ಬೆಳಗಾವಿ ಟಿಳಕವಾಡಿಯ ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘದ ಬೈಲಾ: ನಿರ್ವಹಣಾ ಶುಲ್ಕ, ಮತ, ಸಾಮೂಹಿಕ ಜಾಗ (ಕನ್ನಡ ಅನುವಾದ)

ನಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನಡೆಯುತ್ತದೆ. ಬೈಲಾ ಇಂಗ್ಲಿಷಿನಲ್ಲಿದೆ. ಸಹಿ ಎಲ್ಲರೂ ಹಾಕಿದ್ದೇವೆ, ಓದಿದವರು ಕಡಿಮೆ. ದುಡ್ಡು ಕೊಡುವವರಿಗೆ ಯಾಕೆ ಕೊಡುತ್ತೇವೆ ಅಂತ ತಿಳಿಯಲೇಬೇಕು. ಅದಕ್ಕೇ ಈ ಮೂರು ಅಧ್ಯಾಯಗಳ ಅನುವಾದ. ಅರ್ಥದಲ್ಲಿ ತಕರಾರು ಬಂದರೆ ಇಂಗ್ಲಿಷ್ ಮೂಲವೇ ಪ್ರಮಾಣ. ‘ವಿವರಣೆ’ ಅಂತ ಇರುವಲ್ಲಿ ಮಾತು ನನ್ನದು, ಬೈಲಾದ್ದಲ್ಲ.

ನಿರ್ವಹಣಾ ಶುಲ್ಕ

1. ವರ್ಷದ ಖರ್ಚಿನ ಅಂದಾಜನ್ನು ಕಮಿಟಿ ತಯಾರಿಸಿ ಸರ್ವಸಾಧಾರಣ ಸಭೆಯ ಮುಂದಿಡಬೇಕು. ವಾಚ್‌ಮನ್ ಪಗಾರ, ಲಿಫ್ಟ್, ಸಾಮೂಹಿಕ ಕರೆಂಟ್ ಬಿಲ್, ಬೋರ್‌ವೆಲ್ ಮೋಟರ್, ಕಸಗುಡಿಸುವುದು, ದೊಡ್ಡ ರಿಪೇರಿಗೆ ಕೂಡಿಡುವ ನಿಧಿ, ಎಲ್ಲವೂ ಅದರಲ್ಲಿ ಬೇರೆ ಬೇರೆಯಾಗಿ ಕಾಣಬೇಕು.

2. ಕಟ್ಟಡವನ್ನು ಕಾಯ್ದೆಗೆ ಒಳಪಡಿಸಿ ನೋಂದಾಯಿಸಿದ ಘೋಷಣಾ ಪತ್ರದಲ್ಲಿ, ಸಾಮೂಹಿಕ ಜಾಗದಲ್ಲಿ ಪ್ರತಿ ಮನೆಗೆ ಬರೆದ ಪಾಲಿನ ಪ್ರಕಾರವೇ ಖರ್ಚು ಹಂಚಬೇಕು.

ವಿವರಣೆ: ನಮ್ಮಲ್ಲಿ 20 ಮನೆ. ಮೂರು ಬೆಡ್‌ರೂಮಿನ 10 ಮನೆಗಳಿಗೆ ತಲಾ ಶೇ. 6, ಎರಡು ಬೆಡ್‌ರೂಮಿನ 10 ಮನೆಗಳಿಗೆ ತಲಾ ಶೇ. 4. ತಿಂಗಳ ಖರ್ಚು 50,000, ರಿಪೇರಿ ನಿಧಿ 10,000, ಕೂಡಿದರೆ 60,000 ರೂಪಾಯಿ. ಹಾಗಾಗಿ ದೊಡ್ಡ ಮನೆಗೆ 3,600, ಸಣ್ಣದಕ್ಕೆ 2,400. ರಿಪೇರಿ ನಿಧಿ ಜಾಸ್ತಿ ಆಯ್ತು ಅನ್ನುವವರು ಜೂನ್‌ನಿಂದ ಹಿಡಿಯುವ ನಮ್ಮೂರ ಮಳೆ ನೆನಪಿಟ್ಟುಕೊಳ್ಳಬೇಕು. ಟೆರೇಸ್ ಸೋರಿದರೆ ಮೇಲಿನ ಮನೆಯವರಷ್ಟೇ ಅಲ್ಲ, ಎಲ್ಲರೂ ಕೊಡಬೇಕಾಗುತ್ತದೆ. ಟೆರೇಸ್ ಎಲ್ಲರದೂ, ಅಲ್ವಾ?

3. ‘ನಾನು ಲಿಫ್ಟ್ ಹತ್ತುವುದಿಲ್ಲ’, ‘ಮನೆಗೆ ಬೀಗ ಹಾಕಿದೆ’ ಎಂಬ ಕಾರಣಕ್ಕೆ ಯಾರಿಗೂ ಶುಲ್ಕದಲ್ಲಿ ವಿನಾಯಿತಿ ಇಲ್ಲ.

ವಿವರಣೆ: ಇದು ಕಮಿಟಿಯ ಹಟ ಅಲ್ಲ, ಕಾಯ್ದೆಯಲ್ಲೇ ಇರುವ ಮಾತು. ಕೆಳಗಿನ ಮನೆಯವರು ಬೇಸರ ಮಾಡಿಕೊಳ್ಳಬಾರದು.

4. ಪ್ರತಿ ತಿಂಗಳು 10ನೇ ತಾರೀಖಿನೊಳಗೆ ಶುಲ್ಕ ಕಟ್ಟಬೇಕು. ತಪ್ಪಿದರೆ ಬಾಕಿಯ ಮೇಲೆ ತಿಂಗಳಿಗೆ ಶೇ. 1ರಂತೆ ಸರಳ ಬಡ್ಡಿ. ಬಾಕಿ ಇದೆ ಅಂತ ಯಾರ ಮನೆಯ ನೀರನ್ನೂ ಕರೆಂಟನ್ನೂ ನಿಲ್ಲಿಸುವಂತಿಲ್ಲ. ವಸೂಲಿ ಕಾನೂನಿನ ದಾರಿಯಲ್ಲೇ ಆಗಬೇಕು.

5. ಮನೆ ಮಾರುವವರು ಸಂಘದಿಂದ ಬಾಕಿ ಇಲ್ಲದ ಪತ್ರ ಪಡೆಯಬೇಕು. ಬಾಕಿ ಉಳಿದರೆ ಅದು ಆ ಮನೆಯ ಮೇಲೆಯೇ ಋಣವಾಗಿ ನಿಲ್ಲುತ್ತದೆ.

6. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿದರೆ ಅದರ ಖರ್ಚು ಬೇರೆ. ಬಿಲ್ಲನ್ನು ನೋಟಿಸ್ ಬೋರ್ಡಿಗೆ ಹಚ್ಚಿದ ಮೇಲೆಯೇ ದುಡ್ಡು ಕೇಳಬೇಕು.

ಮತದ ಹಕ್ಕು

7. ಮತದ ತೂಕವೂ ಪಾಲಿನ ಪ್ರಕಾರವೇ. ತಲೆ ಎಣಿಸುವಂತಿಲ್ಲ.

ವಿವರಣೆ: ಕೈ ಎತ್ತಿಸಿ ಎಣಿಸಿದ ಸಭೆಯಲ್ಲಿ ಜಗಳ ಆಗುವುದು ಇಲ್ಲೇ. ಒಂದು ಠರಾವಿಗೆ ಸಣ್ಣ ಮನೆಗಳ 8 ಜನ ಹೌದು ಅಂದರೆ ಶೇ. 32. ದೊಡ್ಡ ಮನೆಗಳ 6 ಜನ ಬೇಡ ಅಂದರೆ ಶೇ. 36. ಠರಾವು ಬೀಳುತ್ತದೆ. ಹೆಚ್ಚು ಕೊಡುವವರ ಮತಕ್ಕೆ ಹೆಚ್ಚು ತೂಕ, ಲೆಕ್ಕ ಅಷ್ಟೇ. ಆದರೆ ಮಾತಾಡುವ ಹಕ್ಕು ಎಲ್ಲರಿಗೂ ಒಂದೇ. ಅಧ್ಯಕ್ಷರು ಅದನ್ನು ಮರೆಯಬಾರದು.

8. ಗಂಡ-ಹೆಂಡತಿ ಇಬ್ಬರ ಹೆಸರಲ್ಲಿ ಮನೆ ಇದ್ದರೆ ಒಬ್ಬರೇ ಮತ ಹಾಕಬೇಕು. ಯಾರು ಅಂತ ಇಬ್ಬರೂ ಸಹಿ ಮಾಡಿ ಮೊದಲೇ ಬರೆದುಕೊಡಬೇಕು. ಊರಲ್ಲಿ ಇಲ್ಲದವರು ಪತ್ರ ಬರೆದು ಬೇರೆಯವರನ್ನು ಕಳಿಸಬಹುದು. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ.

9. 60 ದಿನಕ್ಕಿಂತ ಹಳೆಯ ಬಾಕಿ ಇರುವವರು ಕಮಿಟಿ ಚುನಾವಣೆಯಲ್ಲಿ ನಿಲ್ಲುವಂತಿಲ್ಲ, ಮತ ಹಾಕುವಂತಿಲ್ಲ. ಸಭೆಗೆ ಬಂದು ಕೂರಬಹುದು, ಮಾತಾಡಬಹುದು.

10. ಬಾಡಿಗೆದಾರರಿಗೆ ಮತ ಇಲ್ಲ. ನೀರು, ಪಾರ್ಕಿಂಗ್, ಸ್ವಚ್ಛತೆಯ ಬಗ್ಗೆ ಅವರು ಹೇಳುವುದನ್ನು ಸಭೆ ಕೇಳಬೇಕು, ನಡಾವಳಿಯಲ್ಲಿ ಬರೆಯಬೇಕು.

11. ಸಭೆ ನಡೆಯಲು ಮೂರನೇ ಒಂದು ಭಾಗದಷ್ಟು ಪಾಲು ಹಾಜರಿರಬೇಕು. ಬೈಲಾ ಬದಲಿಸಲು ಶೇ. 75 ಪಾಲಿನ ಒಪ್ಪಿಗೆ ಬೇಕು. ಸಭೆಯ ನೋಟಿಸ್ ಕನ್ನಡದಲ್ಲಿರಬೇಕು. ಮರಾಠಿಯಲ್ಲಿ ಹೇಳಿ ಅಂತ ಯಾರಾದರೂ ಕೇಳಿದರೆ ಕಾರ್ಯದರ್ಶಿ ಓದಿ ಹೇಳಬೇಕು.

ಸಾಮೂಹಿಕ ಜಾಗ

12. ಮೆಟ್ಟಿಲು, ಲಿಫ್ಟ್, ಟೆರೇಸ್, ನೀರಿನ ಸಂಪು, ಗೇಟು ಎಲ್ಲರ ಸೊತ್ತು. ಪಾಲು ಮಾಡಿಕೊಳ್ಳುವಂತಿಲ್ಲ, ಗ್ರಿಲ್ ಹಾಕಿ ಒಳಗೆ ಸೇರಿಸಿಕೊಳ್ಳುವಂತಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡ್, ಸೈಕಲ್, ಖಾಲಿ ಸಿಲಿಂಡರ್ ಇಡುವಂತಿಲ್ಲ.

ವಿವರಣೆ: ಬೆಂಕಿ ಬಿದ್ದಾಗ ಕತ್ತಲಲ್ಲಿ ಇಳಿಯಲು ಅದೊಂದೇ ದಾರಿ. ಇದರಲ್ಲಿ ಮುಲಾಜು ಬೇಡ.

13. ಬೇಸಿಗೆಯಲ್ಲಿ ಟೆರೇಸಿನ ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಬಹುದು. ಮಳೆನೀರಿನ ಪೈಪಿನ ಬಾಯಿ ಬಿಟ್ಟು ಹಾಸಬೇಕು. ಸಂಜೆ ಗುಡಿಸಿ ಹೋಗಬೇಕು. ಮೇ ತಿಂಗಳ ಕೊನೆಯೊಳಗೆ ಕಮಿಟಿ ಎಲ್ಲ ಪೈಪುಗಳನ್ನೂ ಬಿಡಿಸಿ ತೊಳೆಸಬೇಕು.

14. ಗಣೇಶ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಮನೆಯ ಕಾರ್ಯಕ್ಕೆ ಪಾರ್ಕಿಂಗ್ ಜಾಗ ಬೇಕಾದರೆ 7 ದಿನ ಮೊದಲು ಬರೆದು ಕೊಡಬೇಕು. ಆಂಬ್ಯುಲೆನ್ಸ್ ಬರುವಷ್ಟು ದಾರಿ ಬಿಟ್ಟೇ ಪೆಂಡಾಲ್ ಹಾಕಬೇಕು. ರಾತ್ರಿ 10ರ ನಂತರ ಸ್ಪೀಕರ್ ಇಲ್ಲ.

15. ಈ ಅಧ್ಯಾಯದ ನಿಯಮ ಮುರಿದವರಿಗೆ ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ನೋಟಿಸ್, ಅದಕ್ಕೂ ಬಗ್ಗದಿದ್ದರೆ 500 ರೂಪಾಯಿ ದಂಡ. ದಂಡ ಹಾಕುವ ಮೊದಲು ಆ ಮನೆಯವರನ್ನು ಕರೆದು ಕೇಳಬೇಕು. ದಂಡದ ದುಡ್ಡು ರಿಪೇರಿ ನಿಧಿಗೆ ಹೋಗಬೇಕು.